ಭಾವಗೀತದಲ್ಲಿ ಮಾತನಾಡುವವರಾರು?

ಪದ್ಯ ಬರೆಯುವ ಅಭ್ಯಾಸವುಳ್ಳವರು ನಮ್ಮಲ್ಲಿ ಅನೇಕರಿರುವರು. ಅವರ ಭಾವಗೀತಗಳಲ್ಲಿ ಪದೇ ಪದೇ ತೋರುವ ದೋಷವೊಂದನ್ನು ಈ ಸಲ ವಿಚಾರಿಸೋಣ. ಬಿಡಿ ಬಿಡಿಯಾಗಿ ಪಂಕ್ತಿಗಳೆಲ್ಲ ಚೆಲುವಾಗಿರುವುವು. ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಏನೂ ನಿಲ್ಲದು. ಉದಾಹರಣೆಗಾಗಿ ನಾವೇ ಕಟ್ಟಿದ ಐದು ಪಂಕ್ತಿಗಳು ಇಲ್ಲಿವೆ:

ಮಾಡಿನಂಚಿನಲಿ ಮಳೆಹನಿಯ ಸಾಲು,
ಹಿತ್ತಿಲಲಿ ಬಾಗಿರುವ ಬಾಳೆಯೆಲೆ,
ಹೊಸಿಲಲಿ ಮಿನುಗುವ ಮಣ್ಣ ಹಣತೆ,
ಕೊಟ್ಟಿಗೆಯಲಿ ಕರುವಿನ ಕೊರಳ ಗಂಟೆ,
ಹೊಳೆಯಲಿ ಕೆನ್ನೀರು, ಕಡವಿನಲಿ ದೋಣಿ.

ಇದರ ನಾಡಿಯನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದಾಗಿ, ಪಂಕ್ತಿಗಳನ್ನು ಹಿಂದುಮುಂದು ಮಾಡಿ ಓದಿರಿ. ನಾಲ್ಕನೆಯದು ಮೊದಲಾದರೂ ಎರಡನೆಯದು ಕೊನೆಯಾದರೂ ಯಾವ ಹಾನಿಯೂ ಇಲ್ಲ. ಹಾಗಾದರೆ ಅದು ಸಂತೆಯ ಪಟ್ಟಿಯಂತೆಯೇ ಹೊರತು ಮಾತಲ್ಲ. ಎರಡನೆಯದಾಗಿ, ಕ್ರಿಯಾಪದಗಳನ್ನು ಹುಡುಕಿರಿ. ‘ಬಾಗಿರುವ’, ‘ಮಿನುಗುವ’ ಎಂಬ ವಿಶೇಷಣಗಳಿವೆ. ವಾಕ್ಯವನ್ನು ಮುಗಿಸುವ ಕ್ರಿಯೆ ಒಂದೂ ಇಲ್ಲ. ಕನ್ನಡದಲ್ಲಿ ಮಾತನಾಡುವವರ ಗುರುತು ಹೆಚ್ಚಾಗಿ ಕ್ರಿಯಾಪದದ ತುದಿಯಲ್ಲಿರುವುದರಿಂದ, ಅದು ಹೋದೊಡನೆ ಆಡುವವರೂ ಮರೆಯಾಗುವರು. ಪ್ರತಿ ಪಂಕ್ತಿಯಲ್ಲಿಯೂ ಸಪ್ತಮೀ ವಿಭಕ್ತಿಯೇ ಮೊಳಗುತ್ತಿರುವುದು ಇದೇ ರೋಗದ ಲಕ್ಷಣ. ಮೂರನೆಯದಾಗಿ, ನೋಡುವ ಕಣ್ಣು ಎಲ್ಲಿದೆಯೆಂದು ಕೇಳಿರಿ. ಹಿತ್ತಿಲು, ಹೊಸಿಲು, ಕೊಟ್ಟಿಗೆ, ಕಡವು ಇವೆಲ್ಲವನ್ನೂ ಒಂದೇ ಸ್ಥಳದಲ್ಲಿ ನಿಂತವರು ಒಟ್ಟಿಗೆ ನೋಡಲಾರರು.

‘ನಾ ಕಂಡೆ’ ಎಂದು ಮೊದಲಿಗೆ ಸೇರಿಸಿದರೆ ಸಾಲದೇ ಎಂದು ಕೆಲವರು ಕೇಳುವರು. ಸಾಲದು. ಅದರಿಂದ ಪಟ್ಟಿಗೆ ಒಬ್ಬ ಪ್ರೇಕ್ಷಕನು ದೊರೆಯುವನೇ ಹೊರತು ಮಾತಿಗೆ ಕಾರಣವು ದೊರೆಯದು. ಯಾರು, ಯಾರೊಡನೆ, ಯಾವ ಗಳಿಗೆಯಲ್ಲಿ ಮಾತನಾಡುತ್ತಿರುವರು? ಅವರಿಗೆ ಬೇಕಾದುದೇನು, ಅಡ್ಡಿಯೇನು? ಈ ಪ್ರಶ್ನೆಗಳಿಗೆ ಉತ್ತರವಿರಬೇಕು.

ಕಾಳಿದಾಸನ ಮೇಘದೂತವನ್ನು ನೆನೆಯಿರಿ. ಅದರ ಪೂರ್ವಭಾಗದಲ್ಲಿ ಆಮ್ರಕೂಟ, ರೇವಾ, ವಿದಿಶಾ, ಉಜ್ಜಯಿನಿ ಎಂದು ಬೆಟ್ಟ, ಹೊಳೆ, ಪಟ್ಟಣಗಳ ಸಾಲೇ ಇದೆ. ಆದರೂ ಅದು ಪಟ್ಟಿಯೆನಿಸದು. ಒಂದು ವರ್ಷದ ಶಾಪವನ್ನು ಹೊತ್ತು ರಾಮಗಿರಿಯಲ್ಲಿರುವ ಯಕ್ಷನು, ಅಲಕೆಯಲ್ಲಿರುವ ಹೆಂಡತಿಗೆ ಸುದ್ದಿ ಮುಟ್ಟಿಸೆಂದು ಮೋಡಕ್ಕೆ ದಾರಿ ಹೇಳುತ್ತಿರುವನು. ಒಂದೊಂದು ಚಿತ್ರವೂ ಆ ದಾರಿಯ ಒಂದು ಹೆಜ್ಜೆ. ಆದುದರಿಂದಲೇ ಅವುಗಳ ಕ್ರಮವನ್ನು ಕದಲಿಸಲಾಗದು.

ಈಗ ನಮ್ಮ ಐದು ಪಂಕ್ತಿಗಳಿಗೆ ಹಿಂದಿರುಗೋಣ. ಭಾದ್ರಪದದ ತದಿಗೆಯಂದು ಗೌರಿಯ ಹಬ್ಬ. ಸೊಸೆಯನ್ನು ತವರಿಗೆ ಕರೆದೊಯ್ಯಲು ಅಣ್ಣನು ಬರಬೇಕಾಗಿದೆ. ಹೊಳೆ ತುಂಬಿ ದೋಣಿ ನಿಂತಿದೆ. ಇರುಳಾಯಿತೆಂದು ಅತ್ತೆಯವರು ದೀಪವನ್ನಾರಿಸಲು ಏಳುವರು. ಸೊಸೆಯು ಬಾಯಿ ತೆರೆಯುವುದು ಆ ಗಳಿಗೆಯಲ್ಲಿ:

ತದಿಗೆಯ ಹಿಂದಿನ ರಾತ್ರಿ

ಅತ್ತೆ, ಆರಿಸಬೇಡಿ ಹೊಸಿಲ ಹಣತೆಯನು,
ಮಾಡಿನ ನೀರು ಈಗ ತಾನೆ ನಿಂತಿತು.
ಗಂಟೆಯ ದನಿಯೊಂದು ಕೇಳಿತಲ್ಲವೆ? ಅಲ್ಲ,
ಕೊಟ್ಟಿಗೆಯ ಕರುವದು, ಕೊರಳ ಕೊಡಹಿತು.
ಕೆನ್ನೀರು ಇಳಿದರೆ ದೋಣಿ ಬಿಡುವರಂತೆ;
ಎಲೆಯೊಂದ ಹೆಚ್ಚಾಗಿ ಕೊಯ್ದಿರುವೆನು.

ಹೊಸ ಸಾಮಗ್ರಿಯನ್ನು ನಾವು ತರಲಿಲ್ಲ. ಹಣತೆಯು ಅಲಂಕಾರವಾಗಿದ್ದುದು ಈಗ ಬೇಡಿಕೆಯಾಗಿದೆ. ಗಂಟೆಯು ಕ್ಷಣಕಾಲ ಅಣ್ಣನ ಬಂಡಿಯೆತ್ತಿನದಾಗಿ ಮರುಕ್ಷಣ ಕರುವಿನದಾಗುವುದು. ಆದುದರಿಂದ ಮೂರನೆಯ, ನಾಲ್ಕನೆಯ ಪಂಕ್ತಿಗಳನ್ನು ಅದಲುಬದಲು ಮಾಡಲಾಗದು. ಕೆನ್ನೀರು ಅಡ್ಡಿಯಾಗಿದೆ. ‘ಬಿಡುವರಂತೆ’ ಎಂಬಲ್ಲಿಯ ‘ಅಂತೆ’ಯು ಅವಳು ಯಾರನ್ನೋ ಕೇಳಿ ತಿಳಿದಳೆಂಬುದನ್ನು ಸೂಚಿಸುವುದು. ಬಾಗಿದ ಬಾಳೆಯೆಲೆಯ ಸೊಬಗು ಹೋಯಿತು. ಅದಕ್ಕೆ ಬದಲಾಗಿ ಬರಲಿರುವವನ ಊಟಕ್ಕೆ ಕೊಯ್ದ ಎಲೆಯಿದೆ. ಸೊಸೆಯು ನಡುಮನೆಯಲ್ಲಿ ನಿಂತೇ ಇದೆಲ್ಲವನ್ನೂ ಆಡಬಲ್ಲಳು; ಹೊಳೆಯು ಅವಳಿಗೆ ಕಾಣಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂದರ್ಭ ದೊರೆತ ಸಂತೋಷದಲ್ಲಿ, ‘ಅತ್ತೆ, ನನ್ನಣ್ಣ ನಾಳಿನ ಹಬ್ಬಕ್ಕೆ ಕರೆಯಬರುವನು’ ಎಂದು ಬರೆಯುವುದು ಸುಲಭ. ಆದರೆ ಅದು ಅತ್ತೆಯವರಿಗೆ ಮೊದಲೇ ತಿಳಿದ ವಿಷಯ. ತಿಳಿದವರಿಗೆ ಅದನ್ನೇ ಯಾರೂ ಹೇಳುವುದಿಲ್ಲ. ಹಾಗೆ ಹೇಳಿಸಿದೊಡನೆ ಸೊಸೆಯು ಅತ್ತೆಯನ್ನು ಬಿಟ್ಟು ನಮ್ಮ ಕಡೆಗೆ ತಿರುಗಿಬಿಡುವಳು. ವಾಚಕರಿಗೆ ಅವಶ್ಯವಾದ ಸುಳಿವನ್ನು ಶೀರ್ಷಿಕೆಯಲ್ಲಿಡುವುದು ಮೇಲು. ‘ಅಣ್ಣ’ ಎಂಬ ಮಾತಿಲ್ಲದೆಯೂ ‘ತದಿಗೆ’ ಎಂಬುದೊಂದರಿಂದ ನಮ್ಮ ಮನೆಗಳವರು ಉಳಿದುದನ್ನು ಊಹಿಸಿಕೊಳ್ಳುವರು.

ಎಲ್ಲ ಪದ್ಯಗಳಿಗೂ ಈ ಚಿಕಿತ್ಸೆ ಬೇಕೆಂದು ನಾವು ಹೇಳುವುದಿಲ್ಲ. ಚಿತ್ರದಿಂದ ಚಿತ್ರಕ್ಕೆ ಹೊತ್ತು ಸರಿಯುತ್ತ, ಕೊನೆಯ ಚಿತ್ರವು ಮೊದಲನೆಯದರ ಅರ್ಥವನ್ನೇ ಬದಲಿಸುವಂತಿದ್ದರೆ, ಆಡುವವರಿಲ್ಲದೆಯೂ ಪದ್ಯವು ನಿಲ್ಲುವುದು. ಪಂಕ್ತಿಗಳನ್ನು ಕದಲಿಸಿ ನೋಡಿರಿ. ಕದಲಿದರೆ ಮಾತ್ರ ಆಡುವವರನ್ನು ಹುಡುಕಿರಿ.