ಅಳತೆ ಬ್ಲೌಸ್ ಎಂಬ ಸುಳ್ಳು ಸಾಕ್ಷಿ

ಹಳೆಯ ಬ್ಲೌಸೊಂದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ, ಟೈಲರ್ ಮುಂದಿಟ್ಟು ‘ಇದರ ಪ್ರಕಾರನೇ ಹೊಲೀರಿ’ ಎನ್ನುವ ಪದ್ಧತಿಯನ್ನು ನಾವು ಬಿಡಬೇಕು. ಬ್ಲೌಸ್ ಕೆಟ್ಟಾಗ ನಾವು ಬೈಯುವುದು ಟೈಲರನ್ನು, ಇಲ್ಲವೇ ನಮ್ಮ ಮೈಯನ್ನು. ‘ದಪ್ಪ ಆಗಿದೀನಿ’, ‘ನನ್ನ ಭುಜಾನೇ ಸರಿ ಇಲ್ಲ’ ಎನ್ನುತ್ತೇವೆ. ಇಬ್ಬರದೂ ತಪ್ಪಿಲ್ಲದಿರಬಹುದು. ನಾವು ಕೊಟ್ಟ ಅಳತೆಯೇ ಅಳತೆಯಾಗಿರಲಿಲ್ಲ.

ಇದು ನನಗೆ ಮನವರಿಕೆಯಾದದ್ದು ಚಿಕ್ಕಮ್ಮನ ಮಗಳ ಮದುವೆಯಲ್ಲಿ. ನಾನಿರುವುದು ಪುಣೆಯಲ್ಲಿ, ಬ್ಲೌಸ್ ಹೊಲಿದದ್ದು ಧಾರವಾಡದಲ್ಲಿ. ಆ ಸಲ ಬ್ಲೌಸ್ ಕಳಿಸಲು ಸಮಯವಿರಲಿಲ್ಲ, ಹಾಗಾಗಿ ನಾನೇ ಟೇಪು ಹಿಡಿದು ಅಳೆದೆ. ಎದೆ ಸುತ್ತು 36 ಇಂಚು ಬಂತು. ಬಿಗಿಯಾದೀತೆಂಬ ಭಯಕ್ಕೆ 37 ಎಂದು ಬರೆದು ಅವ್ವನಿಗೆ ಕಳಿಸಿದೆ. ಅವ್ವ ಟೈಲರ್ ಹತ್ತಿರ ಹೋಗಿ, ‘ಅಕಿ ಯಾವಾಗ್ಲೂ ಕಡಿಮಿನ ಹೇಳ್ತಾಳ, ಒಂದ್ ಇಂಚು ಜಾಸ್ತಿ ಹಿಡೀರಿ’ ಎಂದಳು. 38 ಆಯಿತು. ಟೈಲರ್ ಅದನ್ನು ಮೈಯ ಅಳತೆಯೆಂದು ತಿಳಿದು, ಉಸಿರಾಡಲು, ಕೂರಲು, ಏಳಲು ಬೇಕಾದ ಒಂದೂವರೆ ಇಂಚನ್ನು ಎಂದಿನಂತೆ ಸೇರಿಸಿದರು. ಬ್ಲೌಸ್ 39½ ಇಂಚಿನದಾಗಿ ಬಂತು. ಬೇಕಾಗಿದ್ದದ್ದು 37½. ಮೂವರೂ ಒಳ್ಳೆಯ ಉದ್ದೇಶದಿಂದಲೇ ಕೆಲಸ ಮಾಡಿದ್ದೆವು. ಮದುವೆಮನೆಯಲ್ಲಿ ನಾನು ಮಾತ್ರ ಎರಡು ದಿನ ಸೆರಗಿನ ಕೆಳಗೆ ಕೈ ಹಾಕಿ ಭುಜ ಎಳೆದುಕೊಳ್ಳುತ್ತ ಓಡಾಡಿದೆ.

‘ನೋಡು, ಅದಕ್ಕ ಹೇಳೂದು, ಅಳತೀ ಬ್ಲೌಸ್ ಕೊಟ್ಟಿದ್ರ ಮುಗೀತಿತ್ತು’ ಎಂದಳು ಅವ್ವ. ನನ್ನ ತಕರಾರು ಇರುವುದು ಈ ಮಾತಿನ ಜೊತೆಗೇ.

ಭಾಷಾಶಾಸ್ತ್ರ ಓದಿದವಳಿಗೆ ಈ ಜಗಳದಲ್ಲಿ ಮೊದಲು ಕಾಣುವುದು ಒಂದು ಪದದ ತೊಂದರೆ. ‘ಅಳತೆ’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಸಂಗತಿಗಳನ್ನು ಹೇಳುತ್ತೇವೆ. ಒಂದು, ಮೈಯ ಅಳತೆ: ಟೇಪು ಮೈಗೆ ತಾಗಿದಾಗ ಬರುವ ಸಂಖ್ಯೆ. ಎರಡು, ಬಟ್ಟೆಯ ಅಳತೆ: ಮೈಯ ಅಳತೆಗೆ ಸಡಿಲ ಸೇರಿಸಿ ಹೊಲಿದ ಬ್ಲೌಸಿನದು. ಮೂರು, ಇಷ್ಟದ ಅಳತೆ: ತೋಳು ಎಷ್ಟುದ್ದ, ಬೆನ್ನಿನ ಕತ್ತು ಎಷ್ಟು ಆಳ ಎಂಬುದು. ಮೊದಲನೆಯದನ್ನು ಹೇಳಬಲ್ಲದ್ದು ಮೈ ಮಾತ್ರ. ಎರಡನೆಯದು ಟೈಲರ್ ಕೆಲಸ. ಮೂರನೆಯದು ನಮ್ಮ ಮನಸ್ಸು. ನನ್ನ 36 ಮೈಯದಾಗಿತ್ತು, 37 ಯಾವುದರದೂ ಆಗಿರಲಿಲ್ಲ.

ಅಳತೆ ಬ್ಲೌಸು ಈ ಮೂರನ್ನೂ ಕಲಸಿಬಿಡುತ್ತದೆ. ಅದು ನಾಲ್ಕು ವರ್ಷದ ಹಿಂದಿನ ಮೈಗೆ ಹೊಲಿದದ್ದು, ಆಮೇಲೆ ಎರಡು ಸಲ ಬಿಚ್ಚಿ ಸಡಿಲ ಮಾಡಿದ್ದು, ಒಗೆದು ಒಗೆದು ಎಳೆದುಕೊಂಡದ್ದು. ಅದನ್ನು ಮೇಜಿನ ಮೇಲೆ ಹರಡಿ ಅಳೆದರೆ ಆ ಬಟ್ಟೆಯ ಈಗಿನ ಸ್ಥಿತಿ ತಿಳಿಯುತ್ತದೆ, ನಿಮ್ಮದಲ್ಲ. ಅದರಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಟೈಲರ್ ನಿಷ್ಠೆಯಿಂದ ನಕಲು ಮಾಡುತ್ತಾರೆ. ಅನುವಾದದ ಅನುವಾದ ಮಾಡಿದವರಿಗೆ ಈ ಸಂಕಟ ಗೊತ್ತು. ಈಚೆಗೆ ಇನ್ನೊಂದು ಸೇರಿದೆ: ಸಿದ್ಧವಾಗಿ ಸಿಗುವ ಹಿಗ್ಗುವ ಬಟ್ಟೆಯ ಬ್ಲೌಸ್ ಬಲು ಚೆನ್ನಾಗಿ ಕೂರುತ್ತದೆಂದು ಅದನ್ನೇ ಅಳತೆಗೆ ಕೊಡುವುದು. ಅದು ಮೈಗಿಂತ ಚಿಕ್ಕದಾಗಿದ್ದು ಹಿಗ್ಗಿ ಕೂರುವಂಥದ್ದು. ಅದೇ ಅಳತೆಗೆ ಹಿಗ್ಗದ ಗುಳೇದಗುಡ್ಡದ ಖಣದಲ್ಲಿ ಹೊಲಿಸಿದರೆ ಹುಕ್ಕು ಹಾಕಲಿಕ್ಕೇ ಆಗುವುದಿಲ್ಲ.

ಈ ಪದ್ಧತಿ ಹೇಗೆ ಬಂತೆಂಬುದು ನಮಗೆಲ್ಲ ಗೊತ್ತು. ಗಂಡಸು ಟೈಲರ್ ಟೇಪು ಹಿಡಿದು ಎದುರು ನಿಲ್ಲುವ ಮುಜುಗರ, ಅಂಗಡಿಯಲ್ಲಿ ಮರೆ ಇಲ್ಲದಿರುವುದು. ಆ ಮುಜುಗರವನ್ನು ನಾನು ತಮಾಷೆ ಮಾಡುತ್ತಿಲ್ಲ. ಆದರೆ ಅದಕ್ಕೆ ಪರಿಹಾರ ಹಳೆಯ ಬ್ಲೌಸಲ್ಲ, ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾವೇ ಅಳೆದುಕೊಳ್ಳುವುದು.

ಅಳೆಯುವಾಗ ಮೊದಲ ನಿಯಮ, ಆ ಸೀರೆಯ ಬ್ಲೌಸಿನ ಒಳಗೆ ಹಾಕುವ ಬ್ರಾವನ್ನೇ ಹಾಕಿರಬೇಕು. ಪ್ಯಾಡ್ ಇದ್ದದ್ದು, ಇಲ್ಲದ್ದು, ಪಟ್ಟಿ ಸಡಿಲಾದದ್ದು, ಇವುಗಳ ನಡುವೆ ಸುತ್ತಳತೆಯೂ ಬದಲಾಗುತ್ತದೆ, ಎದೆ ನಿಲ್ಲುವ ಎತ್ತರವೂ ಬದಲಾಗುತ್ತದೆ. ಎರಡನೆಯದು, ಟೇಪು ಮೈಗೆ ತಾಗಿರಬೇಕು, ಒತ್ತಬಾರದು. ಕೈ ಕೆಳಗಿರಬೇಕು, ಉಸಿರು ಸಹಜವಾಗಿರಬೇಕು, ಬೆನ್ನಿನಲ್ಲಿ ಟೇಪು ಜಾರಿ ಕೆಳಗಿಳಿದಿಲ್ಲವೆಂದು ಕನ್ನಡಿಗೆ ಪಕ್ಕವಾಗಿ ನಿಂತು ನೋಡಬೇಕು. ‘ಒಳಗೆ ಎರಡು ಬೆರಳು ಇಟ್ಟು ಅಳೆಯಿರಿ’ ಎಂಬ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಆ ಎರಡು ಬೆರಳು ಗುಟ್ಟಾಗಿ ಸೇರಿಸಿದ ಸಡಿಲ. ಅದರ ಮೇಲೆ ಟೈಲರ್ ತಮ್ಮದನ್ನು ಸೇರಿಸುತ್ತಾರೆ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಎದೆಗೆ ಒಂದು ಸಂಖ್ಯೆ ಸಾಲದು, ಮೂರು ಬೇಕು. ಕಂಕುಳಿನ ಕೆಳಗೇ, ಎದೆಯ ಉಬ್ಬಿನ ಮೇಲ್ಗಡೆ ಸುತ್ತಿದರೆ ಸಿಗುವುದು ಮೇಲೆದೆಯ ಸುತ್ತು. ಉಬ್ಬಿನ ತುದಿಯ ಮೇಲೆ ಸುತ್ತಿದರೆ ಎದೆ ಸುತ್ತು. ಎದೆಯ ಕೆಳಗೆ, ಬ್ಲೌಸ್ ಮುಗಿಯುವ ಕಡೆ ಮೂರನೆಯದು. ನನ್ನವು 33½, 36, 30½. 36 ಎಂಬ ಎದೆ ಇನ್ನೊಬ್ಬಳಿಗೂ ಇರಬಹುದು, ಆದರೆ ಅವಳ ಮೇಲೆದೆ 35½ ಇದ್ದರೆ ಅವಳದು ಅಗಲ ಬೆನ್ನಿನ ಮೈ, ನನ್ನದು ಸಣ್ಣ ಚೌಕಟ್ಟಿನ ಮೇಲೆ ತುಂಬಿದ ಎದೆ. ಇಬ್ಬರಿಗೂ ಒಂದೇ ಬ್ಲೌಸ್ ಕೂರಲಾರದು.

ಏಕೆಂದರೆ ಹಲವು ಟೈಲರ್‌ಗಳು ಕತ್ತು, ಕಂಕುಳಿನ ಆಳ, ಬೆನ್ನಿನ ಅಗಲವನ್ನೆಲ್ಲ ಎದೆಯ ಒಂದೇ ಸಂಖ್ಯೆಯಿಂದ ಲೆಕ್ಕ ಹಾಕಿ ಗುರುತು ಹಾಕುತ್ತಾರೆ. ಎದೆಯ ಸಂಖ್ಯೆಯನ್ನು ನಾಲ್ಕು ಭಾಗ ಮಾಡಿ ಮುಂದೆ ಎರಡು, ಹಿಂದೆ ಎರಡು ಎಂದು ಹಂಚುತ್ತಾರೆ. ನನ್ನ ಹೆಚ್ಚಿನ ಎರಡೂವರೆ ಇಂಚು ಇರುವುದು ಮುಂದೆ ಮಾತ್ರ. ಅದನ್ನು ಸಮನಾಗಿ ಹಂಚಿದಾಗ ಬೆನ್ನಿಗೆ ಬೇಡದ ಬಟ್ಟೆ ಹೋಯಿತು, ಕತ್ತು ಅಗಲವಾಯಿತು, ಕಂಕುಳು ಕೆಳಗಿಳಿಯಿತು. ಮದುವೆಯಾದ ಮೇಲೆ ಆ ಬ್ಲೌಸಿನ ಎರಡೂ ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿಸಿದೆ. ಎದೆ ಸರಿಹೋಯಿತು, ಆದರೆ ಭುಜ ಜಾರುವುದು ನಿಲ್ಲಲೇ ಇಲ್ಲ. ತಪ್ಪು ಪಕ್ಕದಲ್ಲಿರಲಿಲ್ಲ, ಚೌಕಟ್ಟಿನಲ್ಲಿತ್ತು. ನಿಮ್ಮ ಬ್ಲೌಸ್ ಎದೆಯಲ್ಲಿ ಸರಿಯಾಗಿದ್ದು ಭುಜದಿಂದ ಜಾರುತ್ತಿದ್ದರೆ, ಬೆನ್ನಲ್ಲಿ ಬಟ್ಟೆ ಸಡಿಲವಾಗಿ ನಿಂತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಎರಡನೆಯ ದೊಡ್ಡ ತಪ್ಪು ಉದ್ದದ್ದು. ಕತ್ತಿನ ಬುಡದಲ್ಲಿ ಭುಜ ಶುರುವಾಗುವ ಜಾಗದಿಂದ ಟೇಪನ್ನು ಎದೆಯ ಉಬ್ಬಿನ ಮೇಲೆ ಹಾಯಿಸಿ ಕೆಳಗಿಳಿಸಬೇಕು. ಎದೆಯ ನಡುವೆ ನೇರವಾಗಿ ಇಳಿಸಿದರೆ ಒಂದು ಇಂಚಿನವರೆಗೂ ಕಡಿಮೆ ಬರಬಹುದು, ಆಗ ಮುಂಭಾಗ ಮೇಲಕ್ಕೆ ಏರುತ್ತದೆ. ಅದೇ ಟೇಪು ಉಬ್ಬಿನ ತುದಿಯನ್ನು ದಾಟುವಾಗಿನ ಸಂಖ್ಯೆಯನ್ನೂ ಬರೆದುಕೊಳ್ಳಿ. ನನಗದು 10, ಪೂರ್ತಿ ಉದ್ದ 14½. ಎರಡು ತುದಿಗಳ ನಡುವಿನ ಅಂತರ 7½. ಈ ಎರಡು ಸಣ್ಣ ಸಂಖ್ಯೆಗಳನ್ನು ಯಾವ ಅಳತೆ ಬ್ಲೌಸೂ ಹೇಳಲಾರದು, ಡಾಟ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಇವೇ. ಡಾಟಿನ ಮೊನೆ ಉಬ್ಬಿನ ತುದಿಯ ಕಡೆಗೆ ತಿರುಗಿರಬೇಕು, ಮುಕ್ಕಾಲು ಇಂಚು ಅಥವಾ ಒಂದು ಇಂಚು ಮೊದಲೇ ಮುಗಿಯಬೇಕು. ಮೊನೆ ತಪ್ಪಿದ ಜಾಗದಲ್ಲಿ ಬಟ್ಟೆ ಖಾಲಿ ಗುಳ್ಳೆಯಂತೆ ಉಬ್ಬುತ್ತದೆ. ಅದನ್ನು ಕಂಡು ಬ್ಲೌಸ್ ದೊಡ್ಡದಾಯಿತೆಂದು ಪಕ್ಕ ಹಿಡಿಸಿದರೆ ಗುಳ್ಳೆ ಹೋಗುವುದಿಲ್ಲ, ಉಸಿರು ಕಟ್ಟುತ್ತದೆ ಅಷ್ಟೆ.

ಮೂರನೆಯದು ಕಂಕುಳು. ‘ಕೈ ಎತ್ತಲಿಕ್ಕೆ ಬರಲಿ, ಕಂಕುಳು ದೊಡ್ಡದಿರಲಿ’ ಎಂದು ನಾವೆಲ್ಲ ಹೇಳುತ್ತೇವೆ. ಆಗುವುದು ಇದರ ಉಲ್ಟಾ. ಕಂಕುಳಿನ ಸುತ್ತು ಕೆಳಗಿಳಿದಷ್ಟೂ ತೋಳು ಪಕ್ಕದ ಬಟ್ಟೆಗೆ ಕಟ್ಟಿಹಾಕಿದಂತಾಗಿ, ಕೈ ಎತ್ತಿದಾಗ ಇಡೀ ಬ್ಲೌಸ್ ಮೇಲೇಳುತ್ತದೆ. ಭುಜದ ಮೂಳೆಯ ತುದಿಯಿಂದ ಕಂಕುಳಿನ ಕೆಳಗೆ ಹಾಯಿಸಿ ಮತ್ತೆ ಅಲ್ಲಿಗೇ ತನ್ನಿ, ಅಳೆದಷ್ಟನ್ನೇ ಬರೆಯಿರಿ. ಕೈ ಎತ್ತಲು ಬೇಕಾದ ಸಡಿಲವನ್ನು ತೋಳಿನ ಅಗಲದಲ್ಲಿ ಕೇಳಿ.

ಒಬ್ಬರೇ ಅಳೆದುಕೊಳ್ಳಲಾಗದ್ದು ಭುಜ. ಕೈ ಎತ್ತಿ ಬೆನ್ನಿಗೆ ಟೇಪು ಹಿಡಿದ ಕ್ಷಣವೇ ಭುಜ ಮೇಲೆದ್ದು ಸಂಖ್ಯೆ ಸುಳ್ಳಾಗುತ್ತದೆ. ಭುಜದ ಎರಡೂ ಮೂಳೆಯ ತುದಿಗೆ ಒಂದೊಂದು ಬಿಂದಿ ಅಂಟಿಸಿಕೊಂಡು, ಕೈ ಇಳಿಬಿಟ್ಟು ನಿಂತು, ಗೆಳತಿಯಿಂದಲೋ ಮನೆಯವರಿಂದಲೋ ಬಿಂದಿಯಿಂದ ಬಿಂದಿಗೆ ಅಳೆಸಿ. ಬೆನ್ನಿನ ಕತ್ತು ತುಂಬ ಆಳವಿದ್ದರೆ ಇದರಲ್ಲಿ ಸ್ವಲ್ಪ ಕಡಿಮೆ ಹಿಡಿಯುವುದು ಟೈಲರ್ ಕೆಲಸ. ನೀವೇ ಮೊದಲೇ ಕಳೆದು ಕೊಟ್ಟರೆ ಮತ್ತೆ ನನ್ನ 37ರ ಕಥೆಯಾಗುತ್ತದೆ.

ಅಳತೆ ಬ್ಲೌಸಿಗೆ ಕೆಲಸವೇ ಇಲ್ಲವೆಂದು ನಾನು ಹೇಳುವುದಿಲ್ಲ. ತೋಳು ಇಷ್ಟುದ್ದ, ಕತ್ತು ಇಷ್ಟು ಆಳ ಎಂಬ ಇಷ್ಟದ ಅಳತೆಗಳನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಹಾಗೆಯೇ ಟೇಪಿಗೂ ಮಿತಿ ಇದೆ. ಒಂದು ಭುಜ ತಗ್ಗಿದ್ದರೆ, ಬೆನ್ನು ಬಾಗಿದ್ದರೆ ಅದು ಸಂಖ್ಯೆಯಲ್ಲಿ ಕಾಣುವುದಿಲ್ಲ. ಅದಕ್ಕೆ ಒಮ್ಮೆ ಹಾಕಿ ನೋಡಲೇಬೇಕು. ದೂರದೂರಿನಿಂದ ಹೊಲಿಸುವವರು ಪಕ್ಕದ ಹೊಲಿಗೆಯ ಒಳಗೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿಕೊಳ್ಳಬೇಕು.

ಮುಂದಿನ ಸಲ ನಾನು ಕಳಿಸಿದ ಚೀಟಿಯ ಮೇಲ್ಗಡೆ ‘ಇದು ಮೈಯ ಅಳತೆ, ಸಡಿಲ ಸೇರಿಸಿಲ್ಲ, ನೀವು ಸೇರಿಸಿ’ ಎಂದು ಬರೆದಿದ್ದೆ. ಕೆಳಗೆ, ‘ಕತ್ತು, ಬೆನ್ನು, ಕಂಕುಳನ್ನು 33½ರ ಲೆಕ್ಕದಲ್ಲಿ ಹಿಡಿಯಿರಿ, ಹೆಚ್ಚಿನ 2½ ಇಂಚನ್ನು ಮುಂದಿನ ಡಾಟಿನಲ್ಲಿ ಕೊಡಿ’ ಎಂದಿತ್ತು. ಟೈಲರ್ ಫೋನ್ ಮಾಡಿ, ‘ಅಕ್ಕಾರ, ಇಷ್ಟ ಬರದ್ ಕೊಟ್ರ ನಮಗೂ ಸಲೀಸು, ಯಾರೂ ಕೊಡೂದಿಲ್ರೀ’ ಎಂದರು. ಬ್ಲೌಸ್ ಬಂತು. ಹಾಕಿಕೊಂಡು ಎರಡೂ ಕೈ ಮೇಲೆತ್ತಿದೆ, ಭುಜ ಜಾಗ ಬಿಡಲಿಲ್ಲ. ಮೈ ಅದೇ ಇತ್ತು, ಟೈಲರ್ ಕೂಡ ಅವರೇ.

ಅವ್ವ ಮಾತ್ರ ಇನ್ನೂ ಒಪ್ಪಿಲ್ಲ. ‘ಈ ಬ್ಲೌಸ್ ಭಾಳ ಛಲೋ ಕುಂತದ, ಇನ್ನ ಮ್ಯಾಲೆ ಇದನ್ನ ಅಳತೀಗಿ ಕೊಡೂಣು’ ಎನ್ನುತ್ತಾಳೆ.