ಹೋಗಿ ಬಂದ ‘ಯುದ್ಧ’

2023ರಲ್ಲಿ ನಾನು ಹತ್ತನೇ ತರಗತಿಯಲ್ಲಿದ್ದೆ. ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಕಥೆ ನಮ್ಮ ಕನ್ನಡ ಪುಸ್ತಕದಲ್ಲಿ ಇರಲಿಲ್ಲ. ಆಮೇಲೆ ಬಂದ ಪೂರಕ ಪುಸ್ತಿಕೆಯಲ್ಲಿ ಬಂತು. ಮೊದಲು ಪಾಠವಾಗಿದ್ದ ಈ ಕಥೆಯನ್ನು 2022ರ ಪರಿಷ್ಕರಣೆಯಲ್ಲಿ ಕೈಬಿಟ್ಟಿದ್ದರು. ಲಂಕೇಶರ ‘ಮೃಗ ಮತ್ತು ಸುಂದರಿ’ಯೂ ಆಗಲೇ ಹೋಯಿತು. ಸರ್ಕಾರ ಬದಲಾಯಿತು, ‘ಯುದ್ಧ’ ಮರಳಿತು.

ಈ ನಡುವೆ ಕಥೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ ಪಠ್ಯದಲ್ಲಿದೆ ಎಂಬ ಕಾರಣಕ್ಕೆ ಅದು ಒಳ್ಳೆಯ ಕಥೆ ಎನ್ನುವಂತಿಲ್ಲ, ತೆಗೆದರು ಎಂದು ಕೆಟ್ಟದ್ದೂ ಅಲ್ಲ. ಆರಿಸುವವರು ಬರವಣಿಗೆಯನ್ನಷ್ಟೇ ನೋಡುವುದಿಲ್ಲ, ಓದುವ ಮಕ್ಕಳು ಎಂಥವರಾಗಬೇಕು ಎಂದೂ ನೋಡುತ್ತಾರೆ.

ಇದನ್ನು ಬೇರೆಯವರ ಮೇಲೆ ಹೊರಿಸುವುದು ಸುಲಭ. ನಾವೂ ಕಡಿಮೆಯಿಲ್ಲ. ಕಥೆ ಮರಳಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು, ಮುಸ್ಲಿಂ ಹೆಸರೊಂದು ಮರಳಿತಲ್ಲ ಎಂದು. ಕಥೆಯನ್ನು ಓದಿದ್ದು ನಾನೊಬ್ಬಳೇ. ಮನೆಮಾತು ಮಲಯಾಳಂ ಆದರೂ ಕನ್ನಡದಲ್ಲಿ ಬರೆದ ಕಾಸರಗೋಡಿನ ಸಾರಾ ಅವರಿಗೆ ಹೆಸರು ತಂದದ್ದು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ. ಅದರಲ್ಲಿ ನಾದಿರಾಳಿಗೆ ಅಪ್ಪನೇ ಹಟ ಹಿಡಿದು ತಲಾಖ್ ಕೊಡಿಸುತ್ತಾನೆ. ಗಂಡನ ಬಳಿ ಮರಳಬೇಕಾದರೆ ಅವಳು ಒಂದು ರಾತ್ರಿಗೆ ಬೇರೊಬ್ಬನ ಹೆಂಡತಿಯಾಗಬೇಕು. ನಮ್ಮ ಮನೆಗಳನ್ನೇ ಪ್ರಶ್ನಿಸುವ ಈ ಸಾರಾ ಅವರನ್ನು ಬಿಟ್ಟು, ಯುದ್ಧ ಬೇಡ ಎನ್ನುವ ಸಾರಾ ಅವರನ್ನು ನಮಗೆ ಪಾಠ ಮಾಡಿದರು.

ನಮ್ಮ ಕಾಲೇಜಿಗೆ ಒಂದು ಪಠ್ಯ ನೀವೇ ಆರಿಸಿ ಎಂದರೆ ಆ ಕಾದಂಬರಿಯನ್ನು ಆರಿಸುತ್ತೇವೆಯೇ? ನಾನಂತೂ ಆರಿಸುತ್ತೇನೆ. ಅಬ್ಬಾ ಏನೆನ್ನುತ್ತಾರೋ ಇನ್ನೂ ಕೇಳಿಲ್ಲ.