ನಂಬಿಕೆಗೆ ಗಡುವು ಹಾಕುವ ವಾದ

ಭಾವನಾತ್ಮಕ ದೌರ್ಜನ್ಯದಿಂದ ಹೊರಬಂದವರು ಹೊಸ ಸಂಗಾತಿಯನ್ನು ಮೊದಲ ದಿನದಿಂದಲೇ ಪೂರ್ತಿ ನಂಬಬೇಕು, ಅನುಮಾನಿಸಿದರೆ ಅವನಿಗೆ ಅನ್ಯಾಯ ಮಾಡಿದಂತೆ ಎಂಬ ವಾದ ಬುಡದಲ್ಲೇ ತಪ್ಪು. ಇಂಥ ದೌರ್ಜನ್ಯ ಎಷ್ಟೋ ಸಲ ಅತಿಯಾದ ಅಕ್ಕರೆಯಿಂದಲೇ ಶುರುವಾಗುತ್ತದೆ. ಹಾಗಾಗಿ ಸಿಹಿಮಾತು, ಆಣೆ-ಪ್ರಮಾಣಗಳು ದೌರ್ಜನ್ಯ ಉಂಡವರಿಗೆ ನಂಬಲು ಪುರಾವೆಯಾಗುವುದಿಲ್ಲ. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ಹೀಯಾಳಿಕೆ, ಅವಮಾನಗಳನ್ನು ದೌರ್ಜನ್ಯವೆಂದೇ ಗುರುತಿಸುತ್ತದೆ. ಆ ಪೆಟ್ಟಿನ ಪರಿಣಾಮವನ್ನು ಅನುಮಾನದ ಬುದ್ಧಿ ಎಂದು ಜರೆಯಲಾಗದು.

ನಂಬಿಕೆ ಮರಳುವುದು ಸಣ್ಣ ನಿರಾಕರಣೆಗಳ ಮೂಲಕ. ಭಾನುವಾರ ಸಂಗಾತಿಯ ಅಕ್ಕನ ಮನೆಗೆ ಬರಲಾಗದು ಎಂದು ಇಂಥ ಒಬ್ಬಾಕೆ ಹೇಳುತ್ತಾಳೆ ಎನ್ನೋಣ. ‘ಬೇಜಾರಾಯ್ತು, ಇರಲಿ ಬಿಡು’ ಎಂದು ಹೋಗಿಬಂದು, ರಾತ್ರಿ ಎಂದಿನಂತೆ ಊಟಕ್ಕೆ ಕೂರುವವನು ಒಬ್ಬ. ಮೂರು ದಿನ ಮಾತು ಬಿಟ್ಟು, ಕೊನೆಗೆ ಆಕೆಯೇ ಕ್ಷಮೆ ಕೇಳುವಂತೆ ಮಾಡುವವನು ಇನ್ನೊಬ್ಬ. ಬೇಸರ ಇಬ್ಬರಿಗೂ ಆಗಿದೆ. ಶಿಕ್ಷೆ ಕೊಟ್ಟವನು ಎರಡನೆಯವನು. ಇಂಥ ಹಲವು ಸಂದರ್ಭಗಳಲ್ಲಿ ನಡತೆ ಬದಲಾಗದಿದ್ದರೆ ಹಣಕಾಸು, ಒಟ್ಟಿಗೆ ಮನೆ ಮಾಡುವಂಥ ದೊಡ್ಡ ವಿಷಯಗಳಿಗೆ ಕೈಹಾಕಬಹುದು.

ಎಚ್ಚರಕ್ಕೂ ಮಿತಿಯಿದೆ. ಅವನ ಮೊಬೈಲ್ ತಡಕುವುದು, ಪದೇ ಪದೇ ಭರವಸೆ ಕೇಳುವುದು ಗಳಿಗೆಯ ಸಮಾಧಾನ ಕೊಟ್ಟು ಭಯವನ್ನು ಹಾಗೇ ಉಳಿಸುತ್ತವೆ. ಸಂಗಾತಿಯ ನಡತೆ ತಿಂಗಳುಗಟ್ಟಲೆ ನೇರವಾಗಿದ್ದೂ ಭಯ ತಗ್ಗದಿದ್ದರೆ ಆಪ್ತಸಮಾಲೋಚಕರ ನೆರವು ಪಡೆಯಬೇಕು.